ನಿವೃತ್ತಿಯ ಮೊದಲ ಐದು ವರ್ಷ: ಸರಾಸರಿ ಲಾಭ ಹೇಳದೇ ಇರೋ ಸತ್ಯ

'ಹಳೇ ಪಿಂಚಣಿ ಕೊಡಿ' ಅಂತ ಸರ್ಕಾರಿ ನೌಕರರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಧರಣಿ ಕೂತಾಗಲೆಲ್ಲ ಟಿವಿ ಚರ್ಚೆಗಳಲ್ಲಿ ಒಂದು ಮಾತು ತಪ್ಪದೇ ಬರುತ್ತೆ. 'ದೀರ್ಘಾವಧಿಯಲ್ಲಿ ಮಾರುಕಟ್ಟೆ ಒಳ್ಳೇ ಲಾಭ ಕೊಡುತ್ತೆ, ಹೊಸ ಪಿಂಚಣಿಗೆ ಯಾಕೆ ಹೆದರಬೇಕು?' ಮ್ಯೂಚುವಲ್ ಫಂಡ್ ಮಾರುವವರೂ ಇದನ್ನೇ ಹೇಳುತ್ತಾರೆ. ಮಾತು ಸುಳ್ಳಲ್ಲ. ಆದರೆ ಅದು ಹಣ ಕೂಡಿಡುವವರಿಗೆ ಹೇಳಿದ ಮಾತು. ಕೂಡಿಟ್ಟ ಹಣದಲ್ಲಿ ತಿಂಗಳು ತಿಂಗಳು ತೆಗೆದು ತಿನ್ನಬೇಕಾದವರಿಗೆ ಅದೇ ಮಾತು ಅರ್ಧ ಸತ್ಯ.

ಉಳಿದರ್ಧಕ್ಕೆ ಹಣಕಾಸಿನ ಭಾಷೆಯಲ್ಲಿ 'ಸೀಕ್ವೆನ್ಸ್ ಆಫ್ ರಿಟರ್ನ್ಸ್ ರಿಸ್ಕ್' ಅಂತ ಹೆಸರಿದೆ. ನಾನು ಇದನ್ನು 'ಸರದಿಯ ಅಪಾಯ' ಅಂತ ಕರೀತೀನಿ. ಮಾರುಕಟ್ಟೆ ಹತ್ತು ವರ್ಷದಲ್ಲಿ ಎಷ್ಟು ಕೊಟ್ಟಿತು ಅನ್ನೋದಷ್ಟೇ ಮುಖ್ಯವಲ್ಲ, ಕೆಟ್ಟ ವರ್ಷ ಮೊದಲು ಬಂತೋ ಕೊನೆಗೆ ಬಂತೋ ಅನ್ನೋದೂ ಅಷ್ಟೇ ಮುಖ್ಯ. ನಿವೃತ್ತಿಯಾದ ಮೊದಲ ಕೆಲವು ವರ್ಷಗಳಲ್ಲಿ ಇದರ ಏಟು ಅತಿ ಹೆಚ್ಚು.

ಇದು ಅರವತ್ತು ದಾಟಿದವರ ವಿಷಯ, ನಮಗ್ಯಾಕೆ ಅಂತ ಪುಟ ಸರಿಸಬೇಡಿ. ನಿಮ್ಮ ಅಪ್ಪ ಅಮ್ಮ ಪಿಎಫ್, ಗ್ರಾಚ್ಯುಟಿ ಸೇರಿಸಿ ಒಂದು ಇಡುಗಂಟು ಕೈಗೆ ತಗೊಂಡಾಗ 'ಎಲ್ಲಿ ಹಾಕೋದು' ಅಂತ ಕೇಳೋದು ನಿಮ್ಮನ್ನೇ. ಪಿಂಚಣಿ ಚರ್ಚೆಯಲ್ಲಿ ನೀವು ಯಾವ ಪಕ್ಷ ವಹಿಸಿದರೂ, ಅಲ್ಲಿ ನಿಜವಾಗಿ ಯಾವ ಹೊರೆ ಯಾರ ಹೆಗಲಿನಿಂದ ಯಾರ ಹೆಗಲಿಗೆ ಹೋಗುತ್ತಿದೆ ಅಂತ ತಿಳಿಯೋಕೂ ಈ ಲೆಕ್ಕ ಬೇಕು.

ಅದೇ ಹತ್ತು ವರ್ಷ, ಎರಡು ಬದುಕು

ನಿಜವಾದ ಅಂಕಿಗಳನ್ನೇ ತಗೊಳ್ಳೋಣ. 2007ರ ಕೊನೆಗೆ ಸೆನ್ಸೆಕ್ಸ್ ಸುಮಾರು 20,287ರಲ್ಲಿತ್ತು. 2017ರ ಕೊನೆಗೆ 34,057. ನಡುವಿನ ಹತ್ತು ವರ್ಷಗಳ ಏರಿಳಿತ ಸರಿಸುಮಾರು ಹೀಗಿದೆ: 2008ರಲ್ಲಿ ಶೇ 52.4 ಇಳಿಕೆ, 2009ರಲ್ಲಿ ಶೇ 81 ಏರಿಕೆ, 2010ರಲ್ಲಿ 17.4 ಏರಿಕೆ, 2011ರಲ್ಲಿ 24.6 ಇಳಿಕೆ, 2012ರಲ್ಲಿ 25.7 ಏರಿಕೆ, ಆಮೇಲೆ 9 ಮತ್ತು 29.9ರ ಏರಿಕೆ, 2015ರಲ್ಲಿ 5ರ ಇಳಿಕೆ, 2016ರಲ್ಲಿ 1.9ರ ಏರಿಕೆ, 2017ರಲ್ಲಿ 27.9ರ ಏರಿಕೆ.

ಈಗ ಲೆಕ್ಕಕ್ಕಾಗಿ ಇಬ್ಬರನ್ನು ಕಲ್ಪಿಸಿಕೊಳ್ಳೋಣ. ಗಿರಿಜಮ್ಮ, ಬಸಣ್ಣ. ಇಬ್ಬರ ಬಳಿಯೂ 50 ಲಕ್ಷ ಇದೆ, ಅಷ್ಟನ್ನೂ ಸೆನ್ಸೆಕ್ಸ್ ಹಿಂಬಾಲಿಸುವ ಫಂಡ್‌ನಲ್ಲಿ ಹಾಕಿದ್ದಾರೆ. ಗಿರಿಜಮ್ಮನಿಗೆ ಈ ಹತ್ತು ವರ್ಷಗಳು ಬಂದ ಹಾಗೇ ಬಂದವು, 2008 ಮೊದಲು, 2017 ಕೊನೆಗೆ. ಬಸಣ್ಣನಿಗೆ ಅದೇ ಹತ್ತು ವರ್ಷಗಳು ತಿರುಗುಮುರುಗಾಗಿ ಬಂದವು ಅಂತಿಟ್ಟುಕೊಳ್ಳಿ. 2017ರ ಏರಿಕೆ ಮೊದಲ ವರ್ಷ, 2008ರ ಕುಸಿತ ಹತ್ತನೇ ವರ್ಷ.

ಇಬ್ಬರೂ ಒಂದು ಪೈಸೆಯನ್ನೂ ತೆಗೆಯದೇ ಇದ್ದರೆ ಕೊನೆಗೆ ಇಬ್ಬರ ಹತ್ತಿರವೂ ಇರೋದು ಸುಮಾರು 84 ಲಕ್ಷ. ಎರಡನ್ನು ಮೂರರಿಂದ ಗುಣಿಸಿದರೂ ಆರು, ಮೂರನ್ನು ಎರಡರಿಂದ ಗುಣಿಸಿದರೂ ಆರು. ಸರದಿ ಬದಲಾದರೆ ಗುಣಲಬ್ಧ ಬದಲಾಗಲ್ಲ. ಜಾಹೀರಾತಿನ 'ವಾರ್ಷಿಕ ಸರಾಸರಿ' ನಿಂತಿರೋದು ಈ ನೆಲದ ಮೇಲೆ.

ಆದರೆ ನಿವೃತ್ತರು ಊಟ ಮಾಡಬೇಕಲ್ಲ. ಇಬ್ಬರೂ ಮೊದಲ ವರ್ಷ 3 ಲಕ್ಷ ತೆಗೀತಾರೆ, ಅಂದರೆ ತಿಂಗಳಿಗೆ 25 ಸಾವಿರ. ಬೆಲೆ ಏರುತ್ತಲ್ಲ, ಅದಕ್ಕೆ ಪ್ರತಿ ವರ್ಷ ಶೇ 6ರಷ್ಟು ಹೆಚ್ಚಿಸ್ತಾರೆ. ಲೆಕ್ಕ ಸರಳವಾಗಿರಲಿ ಅಂತ ಆಯಾ ವರ್ಷದ ಹಣವನ್ನು ವರ್ಷದ ಮೊದಲ ದಿನವೇ ತೆಗೀತಾರೆ ಅಂದುಕೊಂಡಿದ್ದೇನೆ. ಲಾಭಾಂಶ, ತೆರಿಗೆ, ಫಂಡ್‌ನ ಖರ್ಚು ಇದರಲ್ಲಿ ಸೇರಿಲ್ಲ.

ಹತ್ತು ವರ್ಷದಲ್ಲಿ ಇಬ್ಬರೂ ತೆಗೆದ ಒಟ್ಟು ಹಣ ಒಂದೇ, ಸುಮಾರು 39.5 ಲಕ್ಷ. ಉಳಿದದ್ದು ನೋಡಿ. ಬಸಣ್ಣನ ಹತ್ತಿರ 43.5 ಲಕ್ಷ. ಗಿರಿಜಮ್ಮನ ಹತ್ತಿರ 14.7 ಲಕ್ಷ.

ಬಸಣ್ಣನಿಗೆ ಕೊನೇ ವರ್ಷ ಅರ್ಧಕ್ಕರ್ಧ ಕುಸಿತ ಬಡಿದ ಮೇಲೂ ಇದು ಸ್ಥಿತಿ. ಗಿರಿಜಮ್ಮನ ಕೊನೇ ಐದು ವರ್ಷಗಳಲ್ಲಿ ನಾಲ್ಕು ಲಾಭದ ವರ್ಷಗಳು. ಆದರೂ ಹನ್ನೊಂದನೇ ವರ್ಷ ಆಕೆಗೆ ಬೇಕಾದ 5.4 ಲಕ್ಷದ ಲೆಕ್ಕದಲ್ಲಿ ಉಳಿದಿರೋದು ಮೂರು ವರ್ಷಕ್ಕೂ ಸಾಲದ ಹಣ. ಆಕೆಗಾಗ ಬರೀ ಎಪ್ಪತ್ತು. ಇಬ್ಬರ ಹೂಡಿಕೆ ಒಂದೇ, ಖರ್ಚು ಒಂದೇ, ಸರಾಸರಿ ಒಂದೇ. ಯಾರೂ ದುಂದು ಮಾಡಿಲ್ಲ, ಯಾರೂ ಹೆದರಿ ಮಾರಿಲ್ಲ. ವ್ಯತ್ಯಾಸ ಸರದಿಯದ್ದು ಮಾತ್ರ.

ಹೀಗೇಕಾಗುತ್ತೆ?

ಮ್ಯೂಚುವಲ್ ಫಂಡ್‌ನಲ್ಲಿ ನಿಮ್ಮ ಹತ್ತಿರ ಇರೋದು ರೂಪಾಯಿ ಅಲ್ಲ, ಯೂನಿಟ್‌ಗಳು. ಪ್ರತಿ ತಿಂಗಳು ಖಾತೆಗೆ ಹಣ ಬರೋ ಎಸ್‌ಡಬ್ಲ್ಯೂಪಿ ವ್ಯವಸ್ಥೆ ಮಾಡಿಕೊಂಡರೆ ಫಂಡ್‌ನವರು ಅಷ್ಟು ಬೆಲೆಯ ಯೂನಿಟ್ ಮಾರಿ ಹಣ ಕಳಿಸ್ತಾರೆ. ಒಂದು ಯೂನಿಟ್‌ಗೆ 100 ರೂಪಾಯಿ ಇದ್ದಾಗ 25 ಸಾವಿರಕ್ಕೆ 250 ಯೂನಿಟ್ ಮಾರಿದರೆ ಸಾಕು. ಬೆಲೆ 50ಕ್ಕೆ ಇಳಿದಾಗ ಅದೇ 25 ಸಾವಿರಕ್ಕೆ 500 ಯೂನಿಟ್ ಹೋಗುತ್ತೆ. ಆಮೇಲೆ ಬೆಲೆ ಮತ್ತೆ 100ಕ್ಕೆ ಬಂದರೂ ಹೋದ ಯೂನಿಟ್ ವಾಪಸ್ ಬರಲ್ಲ. ಬರಗಾಲದಲ್ಲಿ ಬಿತ್ತನೆ ಬೀಜವನ್ನೇ ಕುಟ್ಟಿ ತಿಂದ ಹಾಗೆ. ಮುಂದಿನ ವರ್ಷ ಮಳೆ ಚೆನ್ನಾಗಿ ಬಂದರೂ ಬಿತ್ತೋಕೆ ಕೈಯಲ್ಲಿ ಏನಿರುತ್ತೆ?

ಗಿರಿಜಮ್ಮನ ಮೊದಲ ವರ್ಷವನ್ನೇ ನೋಡಿ. 50 ಲಕ್ಷದಲ್ಲಿ 3 ಲಕ್ಷ ತೆಗೆದರು, ಉಳಿದ 47 ಲಕ್ಷ ಕುಸಿದು 22.4 ಲಕ್ಷವಾಯಿತು. ಮರುವರ್ಷ 3.18 ಲಕ್ಷ ಬೇಕು. ಮೊದಲು ಇಡುಗಂಟಿನ ಶೇ 6 ತೆಗೀತಿದ್ದವರು ಈಗ ಶೇ 14 ತೆಗೀತಿದ್ದಾರೆ. ಆಮೇಲೆ ಬಂದ ಶೇ 81ರ ಭರ್ಜರಿ ಏರಿಕೆ ಕೆಲಸ ಮಾಡಿದ್ದು ಬರೀ 19 ಲಕ್ಷದ ಮೇಲೆ. ಬಸಣ್ಣನಿಗೆ ಅದೇ ಶೇ 81 ಒಂಬತ್ತನೇ ವರ್ಷ, 53 ಲಕ್ಷದ ಮೇಲೆ ಕೆಲಸ ಮಾಡಿತು.

ಕುತೂಹಲದ ಸಂಗತಿ ಅಂದರೆ, ಇದೇ ಕುಸಿತ ನಿಮ್ಮಂಥವರಿಗೆ ಲಾಭ. ಇಪ್ಪತ್ತೈದನೇ ವಯಸ್ಸಿನಲ್ಲಿ ತಿಂಗಳಿಗೆ 5 ಸಾವಿರ ಎಸ್‌ಐಪಿ ಕಟ್ಟುವವರಿಗೆ ಬೆಲೆ ಅರ್ಧವಾದಾಗ ಎರಡರಷ್ಟು ಯೂನಿಟ್ ಸಿಗುತ್ತೆ. ನೀವು ಕೊಳ್ಳುತ್ತಿರೋದು, ಅವರು ಮಾರುತ್ತಿರೋದು. ಹಾಗಾಗಿ 'ಮಾರುಕಟ್ಟೆ ಬಿದ್ದಾಗ ಸುಮ್ಮನಿರಿ' ಅನ್ನೋ ಸಲಹೆ ನಿಮಗೆ ಸರಿ. ತಿಂಗಳ ಕೊನೆಗೆ ಮಾರಲೇಬೇಕಾದ ನಿಮ್ಮ ಅಪ್ಪನಿಗೆ ಅದು ಸಲಹೆಯೇ ಅಲ್ಲ.

ನಾಲ್ಕು ಪರ್ಸೆಂಟ್ ಎಲ್ಲಿಂದ ಬಂತು?

1994ರಲ್ಲಿ ಅಮೆರಿಕದ ಹಣಕಾಸು ಸಲಹೆಗಾರ ವಿಲಿಯಂ ಬೆಂಗೆನ್ ಇದನ್ನು ಲೆಕ್ಕಕ್ಕೆ ಇಳಿಸಿದರು. ಸರಾಸರಿ ಲಾಭ ಹಿಡಿದು ಕೂರುವ ಬದಲು, ಚರಿತ್ರೆಯ ಒಂದೊಂದು ವರ್ಷದಲ್ಲೂ ಒಬ್ಬರು ನಿವೃತ್ತರಾಗಿದ್ದರೆ ಅವರ ಹಣ ಎಷ್ಟು ಕಾಲ ಬಾಳ್ತಿತ್ತು ಅಂತ ನೋಡಿದರು. ಮೊದಲ ವರ್ಷ ಸುಮಾರು ಶೇ 4 ತೆಗೆದು, ಆಮೇಲೆ ಹಣದುಬ್ಬರದಷ್ಟು ಏರಿಸುತ್ತಾ ಹೋದವರ ಹಣ ಕೆಟ್ಟ ಕಾಲದಲ್ಲೂ ಮೂವತ್ತು ವರ್ಷ ಬಾಳಿತ್ತು. 'ನಾಲ್ಕು ಪರ್ಸೆಂಟ್ ನಿಯಮ' ಅಂತ ಇವತ್ತು ರೀಲ್ಸ್‌ನಲ್ಲಿ ಓಡಾಡೋದು ಇದೇ.

ಎರಡು ವಿಷಯ ನೆನಪಿಡಿ. ಒಂದು, ಅದು ಅಮೆರಿಕದ ಷೇರು, ಅಮೆರಿಕದ ಬಾಂಡ್, ಅಮೆರಿಕದ ಹಣದುಬ್ಬರ ಇಟ್ಟುಕೊಂಡು ಮಾಡಿದ ಲೆಕ್ಕ. ನಮ್ಮ ಮನೆಗೆ ಹಾಗೇ ತಂದು ಹಾಕೋಕೆ ಬರಲ್ಲ. ಎರಡು, ಅಲ್ಲಿ ಅತಿ ಹೆಚ್ಚು ಪೆಟ್ಟು ತಿಂದವರ ಸಾಲಿನಲ್ಲಿ 1960ರ ದಶಕದ ಕೊನೆಯ ಭಾಗದಲ್ಲಿ ನಿವೃತ್ತರಾದವರಿದ್ದಾರೆ. ಅವರನ್ನು ಕಾಡಿದ್ದು ಒಂದೇ ದಿನದ ಮಹಾಕುಸಿತವಲ್ಲ. ವರ್ಷಗಟ್ಟಲೆ ಮೇಲೇಳದ ಮಾರುಕಟ್ಟೆ, ಜತೆಗೆ 1970ರ ದಶಕದ ಬೆಲೆ ಏರಿಕೆ. ಸರದಿಯ ಅಪಾಯ ಅಂದರೆ ಬರೀ ಷೇರು ಬೀಳೋದಲ್ಲ. ಶುರುವಿನಲ್ಲೇ ಬೆಲೆ ಏರಿಕೆ ಜೋರಾಗಿದ್ದರೆ ತೆಗೆಯುವ ಮೊತ್ತ ಬೇಗ ದೊಡ್ಡದಾಗಿ, ಅದೇ ಗಾಯ ಆಗುತ್ತೆ.

ಮೊದಲ ದಿಂಬು: ಅರ್ಧ ಹಣ ಅಲ್ಲಾಡದ ಕಡೆ

ಗಿರಿಜಮ್ಮನ ಕಥೆಗೆ ವಾಪಸ್ ಬರೋಣ. ಅದೇ 50 ಲಕ್ಷ, ಅದೇ 2008, ಅದೇ ಖರ್ಚು. ಒಂದೇ ಬದಲಾವಣೆ: ಅರ್ಧ ಹಣ ಷೇರು ಫಂಡ್‌ನಲ್ಲಿ, ಅರ್ಧ ಶೇ 7 ಬಡ್ಡಿಯ ಠೇವಣಿಯಲ್ಲಿ. ವರ್ಷಕ್ಕೊಮ್ಮೆ ಖರ್ಚಿನ ಹಣ ತೆಗೆದ ಮೇಲೆ ಎರಡೂ ಭಾಗವನ್ನು ಮತ್ತೆ ಸಮ ಮಾಡಬೇಕು.

2008ರ ಕೊನೆಗೆ ಠೇವಣಿ 25.1 ಲಕ್ಷ, ಷೇರು 11.2 ಲಕ್ಷ. ಮರುವರ್ಷದ 3.18 ಲಕ್ಷ ಪೂರ್ತಿ ಠೇವಣಿಯಿಂದಲೇ ಬರುತ್ತೆ. ಒಂದು ಯೂನಿಟ್ ಕೂಡ ಮಾರಬೇಕಾಗಿಲ್ಲ. ಅಷ್ಟೇ ಅಲ್ಲ, ಸಮ ಮಾಡೋಕೆ ಠೇವಣಿಯಿಂದ ಇನ್ನೂ 5.4 ಲಕ್ಷ ಷೇರಿನ ಕಡೆ ಹೋಗುತ್ತೆ, ಅದೂ ಬೆಲೆ ನೆಲಕಚ್ಚಿದ ಹೊತ್ತಿನಲ್ಲಿ. 2009ರ ಏರಿಕೆ ಬಂದಾಗ ಆ 16.6 ಲಕ್ಷ 30 ಲಕ್ಷವಾಗುತ್ತೆ.

ಹತ್ತು ವರ್ಷದ ಕೊನೆಗೆ ಗಿರಿಜಮ್ಮನ ಹತ್ತಿರ 40.7 ಲಕ್ಷ ಉಳಿಯುತ್ತೆ. ಎಲ್ಲ ಷೇರಿನಲ್ಲೇ ಇದ್ದಾಗ ಉಳಿದದ್ದು 14.7. ಬಸಣ್ಣ ಇದೇ ಏರ್ಪಾಟು ಮಾಡಿದ್ದರೆ ಅವರ ಹತ್ತಿರ 50.7 ಲಕ್ಷ. ಇಬ್ಬರ ನಡುವಿನ ಅಂತರ 29 ಲಕ್ಷದಿಂದ 10 ಲಕ್ಷಕ್ಕೆ ಇಳಿಯಿತು. ಸರದಿಯ ಅಪಾಯ ಪೂರ್ತಿ ಹೋಗಲಿಲ್ಲ, ಆದರೆ ಹಲ್ಲು ಕಿತ್ತ ಹಾವಾಯಿತು.

ಠೇವಣಿಯ ಕೆಲಸ ಇಲ್ಲಿ ಹೆಚ್ಚು ಬಡ್ಡಿ ತರೋದಲ್ಲ, ಕಾಯೋಕೆ ಟೈಮ್ ಕೊಡೋದು. ಹಾಗಾಗಿ ಆ ಅರ್ಧವನ್ನು ಎಲ್ಲಿ ಇಡಬೇಕು ಅನ್ನೋದೂ ಮುಖ್ಯ. ಅರವತ್ತು ದಾಟಿದವರಿಗೆ ಅಂಚೆ ಕಚೇರಿ ಮತ್ತು ಬ್ಯಾಂಕುಗಳಲ್ಲಿ ಹಿರಿಯ ನಾಗರಿಕರ ಉಳಿತಾಯ ಯೋಜನೆ ಇದೆ. 2023ರ ಏಪ್ರಿಲ್‌ನಲ್ಲಿ ಅದರ ಮಿತಿ 15 ಲಕ್ಷದಿಂದ 30 ಲಕ್ಷಕ್ಕೆ ಏರಿತು, ಬಡ್ಡಿ ಶೇ 8.2 ಆಯಿತು. ದರವನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ಪರಿಶೀಲಿಸುತ್ತೆ, ಆದರೆ ಹಣ ಇಟ್ಟ ದಿನದ ದರ ಐದು ವರ್ಷ ಹಾಗೇ ಇರುತ್ತೆ. ಬಡ್ಡಿ ಮೂರು ತಿಂಗಳಿಗೊಮ್ಮೆ ಖಾತೆಗೆ ಬರುತ್ತೆ.

25 ಲಕ್ಷದಲ್ಲಿ 15 ಲಕ್ಷ ಇಲ್ಲಿ ಇಟ್ಟರೆ ಶೇ 8.2ರ ದರದಲ್ಲಿ ಮೂರು ತಿಂಗಳಿಗೆ 30,750 ರೂಪಾಯಿ, ಅಂದರೆ ತಿಂಗಳಿಗೆ 10,250. ಬೇಕಾದ 25 ಸಾವಿರದಲ್ಲಿ ಇಷ್ಟು ಏನನ್ನೂ ಮಾರದೆ ಬಂತು. ಅಕ್ಕಿ ಬೇಳೆ, ಕರೆಂಟ್ ಬಿಲ್, ಬಿಪಿ ಶುಗರ್ ಮಾತ್ರೆಗೆ ಇದು ನೆಲಗಟ್ಟು. ಆದರೆ ಈ ಯೋಜನೆಯಿಂದ ಅವಧಿಗೆ ಮುಂಚೆ ಹಣ ತೆಗೆದರೆ ಕಡಿತ ಇದೆ. ಒಂದು ವರ್ಷವಾದ ಮೇಲೆ, ಎರಡು ವರ್ಷ ತುಂಬುವ ಮೊದಲು ಮುಚ್ಚಿದರೆ ಅಸಲಿನ ಶೇ 1.5 ಹೋಗುತ್ತೆ, ಎರಡು ವರ್ಷದ ಮೇಲೆ ಶೇ 1. ಹಾಗಾಗಿ ಉಳಿದ 10 ಲಕ್ಷವನ್ನು ಬೇಕೆಂದಾಗ ಸಿಗುವ ಎಫ್‌ಡಿ ಅಥವಾ ಲಿಕ್ವಿಡ್ ಫಂಡ್‌ನಲ್ಲಿ ಇಡಬೇಕು. ಇದು ಸುಮಾರು ಮೂರು ವರ್ಷದ ಖರ್ಚು. ಮೇಲಿನ ಲೆಕ್ಕದಲ್ಲಿ 2008ರ ಕೊನೆಗೆ ಠೇವಣಿಯಿಂದ ತೆಗೆಯಬೇಕಾಗಿ ಬಂದ ಒಟ್ಟು ಹಣ 8.6 ಲಕ್ಷ ಅನ್ನೋದನ್ನು ನೆನಪಿಸಿಕೊಳ್ಳಿ. ಈ 10 ಲಕ್ಷ ಅದಕ್ಕೆ ಸಾಲುತ್ತೆ.

ಇಲ್ಲಿ ಒಂದು ಎಚ್ಚರಿಕೆ. ಲೆಕ್ಕದಲ್ಲಿ 'ಠೇವಣಿಯಿಂದ 5.4 ಲಕ್ಷ ಷೇರಿಗೆ' ಅಂತ ಬರೆಯೋದು ಸುಲಭ. 2008ರ ಡಿಸೆಂಬರ್‌ನಲ್ಲಿ ಅರವತ್ತೊಂದು ವರ್ಷದ ಹೆಣ್ಣುಮಗಳು, ಅರ್ಧಕ್ಕೂ ಹೆಚ್ಚು ಕರಗಿದ ಫಂಡ್‌ಗೆ ಮತ್ತೆ ಹಣ ಹಾಕಬೇಕು ಅಂದರೆ ಎದೆ ನಡುಗುತ್ತೆ. ಅದೂ ಅಲ್ಲದೆ ನಮ್ಮ ಉದಾಹರಣೆಯಲ್ಲಿ ಮಾರುಕಟ್ಟೆ ಮರುವರ್ಷವೇ ಎದ್ದಿತು. ಎಲ್ಲ ಕಾಲದಲ್ಲೂ ಹಾಗಾಗಲ್ಲ. ಜಪಾನಿನ ನಿಕ್ಕೈ ಸೂಚ್ಯಂಕ 1989ರ ಕೊನೆಗೆ ಮುಟ್ಟಿದ ಎತ್ತರವನ್ನು ಮತ್ತೆ ದಾಟಿದ್ದು 2024ರ ಫೆಬ್ರವರಿಯಲ್ಲಿ. ಅಲ್ಲಿ ಮೂರು ವರ್ಷದ ದಿಂಬು ಏನಕ್ಕೂ ಸಾಲುತ್ತಿರಲಿಲ್ಲ. ಸಮ ಮಾಡುವ ಧೈರ್ಯ ಇಲ್ಲದಿದ್ದರೆ ಬಿಡಿ, ಆದರೆ ಬಿದ್ದ ವರ್ಷ ಷೇರು ಮಾರದೆ ಠೇವಣಿಯಿಂದಲೇ ಖರ್ಚು ತೂಗಿಸಿ. ಅಷ್ಟಾದರೂ ಬಿತ್ತನೆ ಬೀಜ ಉಳಿಯುತ್ತೆ.

ಎರಡನೇ ದಿಂಬು: ಬಿದ್ದ ವರ್ಷ ಏರಿಕೆ ಬೇಡ

ಹಣ ತೆಗೆಯುವ ಮೊತ್ತವನ್ನು ಪ್ರತಿ ವರ್ಷ ಶೇ 6 ಏರಿಸೋದು ಕಲ್ಲಿನಲ್ಲಿ ಕೊರೆದ ನಿಯಮವಲ್ಲ. ಗಿರಿಜಮ್ಮ ಒಂದೇ ಒಂದು ಶಿಸ್ತು ಪಾಲಿಸಿದರು ಅಂದುಕೊಳ್ಳಿ. ಸೆನ್ಸೆಕ್ಸ್ ಇಳಿದ ವರ್ಷದ ಮಾರನೇ ವರ್ಷ ಮೊತ್ತ ಏರಿಸಲ್ಲ, ಹಿಂದಿನಷ್ಟೇ ತೆಗೀತಾರೆ. ನಮ್ಮ ಹತ್ತು ವರ್ಷದಲ್ಲಿ ಹೀಗೆ ತಡೆ ಬೀಳೋದು ಮೂರು ಸಲ: 2009, 2012, 2016.

ಅರ್ಧರ್ಧ ಏರ್ಪಾಟಿನ ಜತೆ ಇದನ್ನೂ ಸೇರಿಸಿದರೆ ಕೊನೆಗೆ ಉಳಿಯೋದು 46.6 ಲಕ್ಷ. 40.7ಕ್ಕಿಂತ ಸುಮಾರು 6 ಲಕ್ಷ ಜಾಸ್ತಿ. ಇದಕ್ಕೆ ತೆತ್ತ ಬೆಲೆ 2009ರಲ್ಲಿ ತಿಂಗಳಿಗೆ 1,500 ರೂಪಾಯಿ ಕಡಿಮೆ. ಆದರೆ ಕಡಿತ ಸೇರುತ್ತಾ ಹೋಗುತ್ತೆ, ಹತ್ತನೇ ವರ್ಷಕ್ಕೆ ತಿಂಗಳಿಗೆ 42 ಸಾವಿರದ ಬದಲು 35 ಸಾವಿರ ಚಿಲ್ಲರೆಯಲ್ಲಿ ಬದುಕಬೇಕು. ಇದನ್ನು ಮುಚ್ಚಿಟ್ಟು ಸಲಹೆ ಕೊಡೋದು ಸರಿಯಲ್ಲ. ತಿರುಗಾಟ, ಹೊಸ ಫ್ರಿಜ್, ಮೊಮ್ಮಕ್ಕಳಿಗೆ ಉಡುಗೊರೆ ಅಂತ ಬಿಡಬಹುದಾದ ಖರ್ಚು ಇದ್ದವರಿಗೆ ಈ ದಿಂಬು ಸುಲಭ. ಬರೋದೆಲ್ಲ ಬಾಡಿಗೆಗೂ ಔಷಧಿಗೂ ಹೋಗುವ ಮನೆಯಲ್ಲಿ ಕಡಿಮೆ ಮಾಡೋಕೆ ಏನಿರುತ್ತೆ? ಅಂಥವರು ಮೊದಲ ದಿಂಬನ್ನೇ ದಪ್ಪ ಮಾಡಿಕೊಳ್ಳಬೇಕು.

ಮೂರನೇ ದಿಂಬು: ಶುರುವೇ ಸಣ್ಣದಾಗಿರಲಿ

ಇಷ್ಟೆಲ್ಲ ಮಾಡಿದ ಮೇಲೂ 46.6 ಲಕ್ಷ ಇರುವವರು ಹನ್ನೊಂದನೇ ವರ್ಷ 4.5 ಲಕ್ಷ ತೆಗೀಬೇಕು. ಅದು ಇಡುಗಂಟಿನ ಶೇ 10ರ ಹತ್ತಿರ. ಹಾಗೇ ಹೋದರೆ ಎಂಬತ್ತೈದು, ತೊಂಬತ್ತರ ತನಕ ಮುಟ್ಟೋದು ಅನುಮಾನ. ಯಾಕೆಂದರೆ ಶುರುವಿನ ಶೇ 6 ಅನ್ನೋದೇ ಜಾಸ್ತಿ.

ಅದೇ ಅರ್ಧರ್ಧ ಏರ್ಪಾಟಿನಲ್ಲಿ, ಅದೇ 2008ರಲ್ಲಿ, ಮೊದಲ ವರ್ಷ 3 ಲಕ್ಷದ ಬದಲು 2 ಲಕ್ಷ ತೆಗೆದಿದ್ದರೆ? ಪ್ರತಿ ವರ್ಷ ಶೇ 6 ಏರಿಸಿಕೊಂಡೇ ಹೋದರೂ ಹತ್ತು ವರ್ಷದ ಕೊನೆಗೆ 62 ಲಕ್ಷ ಇರುತ್ತಿತ್ತು. ಶುರುವಿನ ಶೇ 4 ಮತ್ತು ಶೇ 6ರ ನಡುವೆ ಇಷ್ಟು ಅಂತರ.

'ತಿಂಗಳಿಗೆ 16-17 ಸಾವಿರದಲ್ಲಿ ಹೇಗೆ ಬದುಕೋದು?' ಅಂತ ನೀವು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದು. ಉತ್ತರ ಸಿಗೋದು ನಿವೃತ್ತಿಯ ಮೊದಲ ನಾಲ್ಕೈದು ವರ್ಷದಲ್ಲಿ ಬೇರೆ ಆದಾಯ ಏನಾದರೂ ಇದೆಯಾ ಅನ್ನೋದರಲ್ಲಿ. ಅರೆಕಾಲಿಕ ಕೆಲಸ, ಮನೆ ಪಾಠ, ಮೇಲಿನ ಮಹಡಿಯ ಬಾಡಿಗೆ, ಅಥವಾ ನೀವು ಕಳಿಸುವ 8 ಸಾವಿರ. ಮೊದಲ ವರ್ಷಗಳಲ್ಲಿ ತೆಗೆಯದೇ ಉಳಿಸಿದ ಒಂದು ಲಕ್ಷ, ಹತ್ತನೇ ವರ್ಷದಲ್ಲಿ ಉಳಿಸಿದ ಒಂದು ಲಕ್ಷಕ್ಕಿಂತ ಎಷ್ಟೋ ಪಾಲು ಬೆಲೆಯುಳ್ಳದ್ದು. ಮಕ್ಕಳು ನೆರವಾಗೋದಿದ್ದರೆ 'ಅಪ್ಪನ ದುಡ್ಡು ಮುಗಿದ ಮೇಲೆ ನೋಡ್ಕೊಳ್ಳೋಣ' ಅನ್ನೋದಕ್ಕಿಂತ ಮೊದಲ ಐದು ವರ್ಷ, ಅದರಲ್ಲೂ ಮಾರುಕಟ್ಟೆ ಬಿದ್ದ ವರ್ಷ ಕೊಡೋದು ಜಾಣತನ. ಎನ್‌ಪಿಎಸ್ ಇರುವವರು ಅರವತ್ತಾದ ತಕ್ಷಣ ಹಣ ತೆಗೆಯಲೇಬೇಕು ಅಂತೇನಿಲ್ಲ, ಮುಂದೂಡಬಹುದು. ಬೇರೆ ದಾರಿ ಇದ್ದವರು ಬಿದ್ದ ಮಾರುಕಟ್ಟೆಯಲ್ಲಿ ಅವಸರ ಮಾಡಬಾರದು.

ಅಪಾಯ ಬಂತು ಅಂತ ಗೊತ್ತಾಗೋದು ಹೇಗೆ?

ಆ್ಯಪ್‌ನಲ್ಲಿ ದಿನಾ ಬೆಲೆ ನೋಡೋದು ಬೇಡ. ವರ್ಷಕ್ಕೊಮ್ಮೆ, ಏಪ್ರಿಲ್ ಮೊದಲ ವಾರ ಅಂತಿಟ್ಟುಕೊಳ್ಳಿ, ಒಂದೇ ಒಂದು ಭಾಗಾಕಾರ ಮಾಡಿ. ಈ ವರ್ಷ ತೆಗೆಯಬೇಕಾದ ಹಣವನ್ನು ಈಗಿರುವ ಒಟ್ಟು ಇಡುಗಂಟಿನಿಂದ ಭಾಗಿಸಿ. ಶುರುವಿನಲ್ಲಿ ಶೇ 4 ಇದ್ದದ್ದು 4ರ ಆಸುಪಾಸಿನಲ್ಲೇ ಇದ್ದರೆ ನೆಮ್ಮದಿ. ಮೊದಲ ಐದು ವರ್ಷದೊಳಗೇ ಅದು 6 ದಾಟಿದರೆ ಆ ವರ್ಷ ಏರಿಕೆ ನಿಲ್ಲಿಸಿ, ಷೇರು ಮಾರಬೇಡಿ. 8ರ ಹತ್ತಿರ ಹೋದರೆ ಮನೆಯವರೆಲ್ಲ ಕೂತು ಖರ್ಚು ಕಡಿಮೆ ಮಾಡೋದೋ, ಬೇರೆ ಆದಾಯ ಹುಡುಕೋದೋ ಅಂತ ಮಾತಾಡೋ ಸಮಯ. ಈ ಗೆರೆಗಳು ನಾನು ಲೆಕ್ಕ ಹಾಕಿ ನೋಡಿ ಇಟ್ಟುಕೊಂಡವು, ಯಾವ ಶಾಸ್ತ್ರದಲ್ಲೂ ಬರೆದದ್ದಲ್ಲ. ಎಲ್ಲ ಷೇರಿನಲ್ಲಿಟ್ಟ ಗಿರಿಜಮ್ಮನಿಗೆ ಒಂದೇ ವರ್ಷದಲ್ಲಿ ಈ ಸಂಖ್ಯೆ 6ರಿಂದ 14ಕ್ಕೆ ಹಾರಿತ್ತು. ಅಂದರೆ ಗಂಟೆ ಬಾರಿಸಿದ್ದು ಹತ್ತನೇ ವರ್ಷವಲ್ಲ, ಎರಡನೇ ವರ್ಷದ ಮೊದಲ ದಿನ.

ಈ ಹೊರೆ ಯಾರದ್ದು?

ಈಗ ಪಿಂಚಣಿ ಚರ್ಚೆಗೆ ಬರೋಣ. ಹಳೇ ಪಿಂಚಣಿಯಲ್ಲಿ ಸರದಿಯ ಅಪಾಯ ನೌಕರನಿಗೆ ಇಲ್ಲವೇ ಇಲ್ಲ. 2008 ಮೊದಲು ಬಂದರೂ ಕೊನೆಗೆ ಬಂದರೂ ಒಂದನೇ ತಾರೀಖು ಪಿಂಚಣಿ ಬರುತ್ತೆ. ಹಾಗಂತ ಅಪಾಯ ಮಾಯವಾಗಿಲ್ಲ. ಅದನ್ನು ಸರ್ಕಾರ, ಅಂದರೆ ತೆರಿಗೆ ಕಟ್ಟುವ ಎಲ್ಲರೂ ಹೊತ್ತಿದ್ದಾರೆ. ಕೇಂದ್ರದಲ್ಲಿ 2004ರ ಜನವರಿ 1ರಿಂದ, ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಿಂದ ಕೆಲಸಕ್ಕೆ ಸೇರಿದವರಿಗೆ ಎನ್‌ಪಿಎಸ್ ಬಂತು, ಹೊರೆ ವ್ಯಕ್ತಿಯ ಹೆಗಲಿಗೆ ಬಂತು. ಅಲ್ಲೂ ಸರ್ಕಾರಿ ನೌಕರರು ನಿವೃತ್ತಿಯಲ್ಲಿ ಕನಿಷ್ಠ ಶೇ 40 ಹಣಕ್ಕೆ ಆನ್ಯುಟಿ ಕೊಳ್ಳಬೇಕು, ಅಂದರೆ ಅಷ್ಟರ ಮಟ್ಟಿಗೆ ವಿಮಾ ಕಂಪನಿ ಜೀವನಪೂರ್ತಿ ನಿಗದಿತ ಹಣ ಕೊಡುತ್ತೆ. ಆದರೆ ಆ ಹಣ ಸಾಮಾನ್ಯವಾಗಿ ಬೆಲೆ ಏರಿಕೆಯ ಜತೆ ಏರಲ್ಲ. 2025ರ ಏಪ್ರಿಲ್‌ನಲ್ಲಿ ಕೇಂದ್ರ ನೌಕರರಿಗೆ ಬಂದ ಏಕೀಕೃತ ಪಿಂಚಣಿ, 25 ವರ್ಷ ಸೇವೆ ಮುಗಿಸಿದವರಿಗೆ ಕೊನೆಯ 12 ತಿಂಗಳ ಸರಾಸರಿ ಮೂಲ ವೇತನದ ಅರ್ಧದಷ್ಟನ್ನು ಖಾತ್ರಿ ಮಾಡಿ, ಹೊರೆಯ ಒಂದು ಪಾಲನ್ನು ಸರ್ಕಾರದ ಕಡೆಗೆ ವಾಪಸ್ ತಳ್ಳಿತು.

ಆದರೆ ನಮ್ಮಲ್ಲಿ ಬಹುಪಾಲು ಜನ ಈ ಮೂರರಲ್ಲಿ ಯಾವುದರಲ್ಲೂ ಇಲ್ಲ. ಖಾಸಗಿ ನೌಕರರ ಇಪಿಎಸ್ ಪಿಂಚಣಿಯ ಕನಿಷ್ಠ ಮೊತ್ತ 2014ರಲ್ಲಿ ನಿಗದಿಯಾದದ್ದು ತಿಂಗಳಿಗೆ 1,000 ರೂಪಾಯಿ. ಪೀಣ್ಯದ ಕಾರ್ಖಾನೆಯವರಿಗೂ, ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೂ, ಬೈಕಿನಲ್ಲಿ ಊಟ ತಲುಪಿಸುವ ಹುಡುಗರಿಗೂ 'ಎಸ್‌ಐಪಿ ಮಾಡಿ, ದೀರ್ಘಾವಧಿಯಲ್ಲಿ ಎಲ್ಲ ಸರಿಹೋಗುತ್ತೆ' ಅನ್ನೋದೇ ಪಿಂಚಣಿ ನೀತಿಯಾಗಿಬಿಟ್ಟರೆ, 2008ರಲ್ಲಿ ನಿವೃತ್ತರಾಗೋದು ಒಬ್ಬರ ಹಣೆಬರಹ, 2009ರಲ್ಲಿ ಆಗೋದು ಇನ್ನೊಬ್ಬರ ಅದೃಷ್ಟ ಅಂತ ನಾವು ಒಪ್ಪಿಕೊಂಡ ಹಾಗೆ.

ಸರದಿಯ ಅಪಾಯದ ಸ್ವಭಾವವೇ ಹಾಗೆ. ಒಬ್ಬರೇ ಹೊತ್ತರೆ ಬಲು ಭಾರ, ಬೇರೆ ಬೇರೆ ವರ್ಷ ನಿವೃತ್ತರಾಗುವ ಲಕ್ಷಾಂತರ ಜನ ಒಟ್ಟಿಗೆ ಹೊತ್ತರೆ ಬಹಳ ಹಗುರ. ಯಾಕೆಂದರೆ ಒಳ್ಳೇ ಸರದಿ ಸಿಕ್ಕವರ ಹೆಚ್ಚುವರಿ, ಕೆಟ್ಟ ಸರದಿ ಸಿಕ್ಕವರ ಕೊರತೆಯನ್ನು ತುಂಬುತ್ತೆ. ಪಿಎಫ್‌ನಲ್ಲಿ ವರ್ಷಕ್ಕೊಂದು ದರ ಘೋಷಿಸಿ ಎಲ್ಲರಿಗೂ ಒಂದೇ ಬಡ್ಡಿ ಕೊಡುವಾಗ ಸಣ್ಣ ಪ್ರಮಾಣದಲ್ಲಿ ನಡೆಯೋದು ಇದೇ. ಇದನ್ನು ಎಷ್ಟು ಜನಕ್ಕೆ, ಯಾರ ಖರ್ಚಿನಲ್ಲಿ ವಿಸ್ತರಿಸಬೇಕು ಅನ್ನೋದು ರಾಜಕೀಯ ಪ್ರಶ್ನೆ, ಅದಕ್ಕೆ ನಿಮ್ಮ ಉತ್ತರ ನನ್ನದಕ್ಕಿಂತ ಬೇರೆ ಇರಬಹುದು. ಆದರೆ ಮುಂದಿನ ಸಲ ಯಾರಾದರೂ 'ಸರಾಸರಿ ಶೇ 12 ಬರುತ್ತೆ' ಅಂದರೆ, ಒಂದು ಪ್ರಶ್ನೆ ಕೇಳಿ: ಯಾವ ಸರದಿಯಲ್ಲಿ?